ಅಜ್ಜಿ ಕಣ್ಣಿಗೆ ಒತ್ತಕ್ಷರ ಕಾಣ್ಬೇಕು: ಕಾವೇರಿ ನಾಮಾವಳಿ ವಿಡಿಯೋ ಮಾಡೋದು ಹೀಗೆ

ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗೋಕಾಗದೆ ಮನೇಲೇ ಕೂರೋ ಅಜ್ಜಿ ತಾತಂದಿರು ನಮ್ಮ ಕೊಡಗಲ್ಲಿ ತುಂಬ ಜನ ಇದ್ದಾರೆ, ಅಂಥವ್ರಿಗೆ ಅಂತ ನಾನು ಕಾವೇರಿ ಅಷ್ಟೋತ್ತರದ ವಿಡಿಯೋ ಒಂದು ಮಾಡಿದ್ದೆ, ದೊಡ್ಡ ಅಕ್ಷರ ಹಾಕಿದ್ದೀನಿ ಅಂತ ಧೈರ್ಯವಾಗಿ ನಮ್ಮಜ್ಜಿಗೆ ತೋರಿಸ್ದೆ. ಅವ್ರಿಗೆ ಎರಡೂ ಕಣ್ಣಲ್ಲಿ ಪೊರೆ. ನೋಡಿ ಅಂದ್ರು, "ಅಗಸ ಅಂತ ಕಾಣ್ತದೆ ಮಗಾ, ಅಡಿಯಲ್ಲಿ ಏನೋ ಹುಳ ಹರಿದ ಹಾಗೆ ಉಂಟು." ಅಲ್ಲಿದ್ದಿದ್ದು ಅಗಸ್ತ್ಯ. ಅಡಿಯಲ್ಲಿರೋ ತ ಒತ್ತು, ಯ ಒತ್ತು ಎರಡೂ ಅವ್ರಿಗೆ ಕಂಡೇ ಇಲ್ಲ.

ಅವತ್ತಿಂದ ನಾನು ಸೈಜ್ ಅಳೆಯೋದೇ ಒತ್ತಕ್ಷರದಿಂದ. ಕನ್ನಡದಲ್ಲಿ ಒತ್ತು ಮೂಲ ಅಕ್ಷರದ ಹೆಚ್ಚುಕಮ್ಮಿ ಅರ್ಧ ಇರುತ್ತೆ, ಹಾಗಾಗಿ ಮೇಲಿನ ಅಕ್ಷರ ದೊಡ್ಡದಾಗಿ ಕಂಡ್ರೂ ಕೆಳಗಿಂದು ಮಸುಕು. ಎಡಿಟಿಂಗ್ ಆಪಲ್ಲಿ ತೋರ್ಸೋ ಸೈಜ್ ನಂಬರ್ ನೆಚ್ಚಿಕೊಳ್ಬೇಡಿ, ಒಂದೊಂದು ಆಪಲ್ಲಿ ಒಂದೊಂದು ಥರ ಇರುತ್ತೆ. ಸ್ಕ್ರೀನ್ ಎತ್ತರದಲ್ಲಿ ಹತ್ತನೇ ಒಂದು ಭಾಗ ಒಂದು ಮೂಲ ಅಕ್ಷರಕ್ಕೆ ಕೊಡಿ. 32 ಇಂಚಿನ ಟೀವಿ ಸ್ಕ್ರೀನ್ ಸುಮಾರು 40 ಸೆಂ.ಮೀ. ಎತ್ತರ ಇರುತ್ತೆ, ಅಂದ್ರೆ ಅಕ್ಷರ 4 ಸೆಂ.ಮೀ., ಒತ್ತು 2 ಸೆಂ.ಮೀ., ಎಂಟಡಿ ದೂರದಲ್ಲಿ ಕೂತು ನೋಡೋರಿಗೆ ಇದಕ್ಕಿಂತ ಚಿಕ್ಕದು ಬೇಡ. ಮೊಬೈಲಾದ್ರೆ ಅಡ್ಡ ಹಿಡಿದೇ ನೋಡ್ಬೇಕು, ಉದ್ದಕ್ಕೆ ಹಿಡಿದ್ರೆ ಅಕ್ಷರ ಅರ್ಧದಷ್ಟಾಗಿ ಹೋಗುತ್ತೆ.

ಒಂದು ಸಲಕ್ಕೆ ಒಂದೇ ನಾಮ, ಎರಡೇ ಸಾಲು. ಮೇಲೆ 'ಓಂ ಕಾವೇರ್ಯೈ', ಕೆಳಗೆ 'ನಮಃ'. ಸಾಲಿನ ಮಧ್ಯೆ ಜಾಗ ಧಾರಾಳವಾಗಿ ಬಿಡಿ, ಇಲ್ಲಾಂದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಅಕ್ಷರದ ತಲೆಕಟ್ಟಿಗೆ ತಗಲುತ್ತೆ. ಕೆಳಗಡೆ ಸುಮಾರು ಆರನೇ ಒಂದು ಭಾಗ ಖಾಲಿ ಇರ್ಲಿ, ಅಜ್ಜಿ ಕೈ ತಾಗಿ ಪ್ಲೇ ಪಟ್ಟಿ ಬಂದ್ರೂ ಅಕ್ಷರ ಮುಚ್ಚಲ್ಲ.

ಫಾಂಟ್ ನೋಟೋ ಸಾನ್ಸ್ ಕನ್ನಡ ಥರ ಸಾದಾ ಇದ್ರೆ ಸಾಕು, ಸ್ವಲ್ಪ ದಪ್ಪ. ತೀರಾ ದಪ್ಪ ಮಾಡಿದ್ರೆ ಇನ್ನೊಂದು ತೊಂದ್ರೆ, ಥ ಒಳಗಿನ ಚುಕ್ಕೆ, ಧ ಅಡಿಯ ಸೀಳು ಎಲ್ಲಾ ಮುಚ್ಚಿ ಹೋಗಿ ಎರಡೂ ದ ಥರಾನೇ ಕಾಣುತ್ತೆ. ಟೈಪ್ ಮಾಡಿದ ಮೇಲೆ 'ಕಾವೇರ್ಯೈ', 'ಲೋಪಾಮುದ್ರಾಯೈ', 'ಅಗಸ್ತ್ಯ' ಮೂರನ್ನೂ ದೊಡ್ಡದು ಮಾಡಿ ನೋಡಿ, ಕೆಲವು ಆಪಲ್ಲಿ ಅರ್ಕಾವೊತ್ತು, ಐತ್ವ ಬಿಡಿ ಬಿಡಿ ಆಗಿ ಬರುತ್ತೆ. ಹಾಗೆ ಬಂದ್ರೆ ಆಪ್ ಬದಲಾಯಿಸೋದೇ ದಾರಿ.

ಬಣ್ಣದ ವಿಷಯದಲ್ಲಿ ನಮ್ಮವ್ರಿಗೆ ಆಸೆ ಜಾಸ್ತಿ: ಹಿಂದೆ ಹಸಿರು ಕಾಡು, ಹರಿಯೋ ನೀರು, ಮೇಲಿಂದ ಉದುರೋ ಹೂವು, ಅದರ ಮೇಲೆ ಕುಂಕುಮದ ಕೆಂಪಲ್ಲಿ ಅಕ್ಷರ. ಪೊರೆ ಬಂದ ಕಣ್ಣಿಗೆ ಇದು ಬರೀ ಗಜಿಬಿಜಿ. ಹಾಗಂತ ಬಿಳಿ ಹಿನ್ನೆಲೆನೂ ಬೇಡ, ಪೊರೆಯಲ್ಲಿ ಬೆಳಕು ಚದುರಿ ಕಣ್ಣು ಕುಕ್ಕುತ್ತೆ. ಗಾಢ ಕಂದು ಇಲ್ಲ ಕಪ್ಪಿನ ಮೇಲೆ ತಿಳಿ ಹಳದಿ ಅಕ್ಷರ, ಹಿನ್ನೆಲೆ ಅಲ್ಲಾಡಬಾರ್ದು. ಪರೀಕ್ಷೆ ಮಾಡೋಕೆ ಮೊಬೈಲನ್ನ ಕಪ್ಪು-ಬಿಳುಪಿಗೆ ಹಾಕಿ, ಮೇಲೆ ತೆಳು ಪ್ಲಾಸ್ಟಿಕ್ ಕವರ್ ಹೊದಿಸಿ, ಒಂದು ಕೈಯಳತೆ ದೂರದಲ್ಲಿಟ್ಟು 'ಅಗಸ್ತ್ಯ' ಓದಿ. ನಿಮಗೇ ತಡವರಿಸಿದ್ರೆ ಅಜ್ಜಿಗೆ ಖಂಡಿತ ಆಗಲ್ಲ.

ಇನ್ನು ನಿಧಾನ ಅನ್ನೋದು. ಹಾಡಿದ ಆಡಿಯೋನ ಆಮೇಲೆ ಎಳೆದು ನಿಧಾನ ಮಾಡಿದ್ರೆ ದನಿ ಕೆಡುತ್ತೆ, ಮೊದ್ಲೇ ನಿಧಾನವಾಗಿ ಹೇಳಿಸಿ ರೆಕಾರ್ಡ್ ಮಾಡಿ. ಒಂದು ನಾಮಕ್ಕೆ ನಾನು 8 ಸೆಕೆಂಡ್ ಕೊಡ್ತೀನಿ: ಅಕ್ಷರ ಬಂದು 1 ಸೆಕೆಂಡ್ ಸುಮ್ನೆ, 3 ಸೆಕೆಂಡ್ ಹೇಳೋರ ದನಿ, ಉಳಿದ 4 ಸೆಕೆಂಡ್ ಅಕ್ಷರ ಹಾಗೇ ನಿಂತಿರುತ್ತೆ, ಅಜ್ಜಿ ತಾವೇ ಹೇಳ್ಕೊಳ್ಳೋಕೆ. 108 ನಾಮಕ್ಕೆ 864 ಸೆಕೆಂಡ್. ಒಂಬತ್ತು ನಾಮ ಆದ್ಮೇಲೆ ಒಂದ್ಸಲ ಅಕ್ಷರ ಇಲ್ಲದೆ ಕಾವೇರಮ್ಮನ ಚಿತ್ರ ಮಾತ್ರ 4 ಸೆಕೆಂಡ್, ಕಣ್ಣಿಗೆ ವಿಶ್ರಾಂತಿ, ಅದು ಹನ್ನೆರಡು ಸಲ ಅಂದ್ರೆ 48 ಸೆಕೆಂಡ್. ಒಟ್ಟು 15 ನಿಮಿಷ 12 ಸೆಕೆಂಡ್. ಒಂದು ನಾಮ ಹೋಗಿ ಇನ್ನೊಂದು ಬರುವಾಗ ಕರಗೋ ಎಫೆಕ್ಟ್ ಹಾಕ್ಬೇಡಿ, ಎರಡು ಹೆಸರು ಒಂದರ ಮೇಲೊಂದು ಕೂತು ನಡುವೆ ಓದೋಕೇ ಆಗಲ್ಲ, ನೇರ ಬದಲಾಗ್ಲಿ. ಅಕ್ಷರ ಕೆಳಗಿಂದ ಮೇಲೆ ಹರಿಯೋದಂತೂ ಬೇಡ್ವೇ ಬೇಡ.

ಕೊನೆಗೆ 1080p, MP4 ಅಂತ ಸೇವ್ ಮಾಡಿ. ವಾಟ್ಸಾಪಲ್ಲಿ ಮಾಮೂಲಿ ವಿಡಿಯೋ ಥರ ಕಳಿಸಿದ್ರೆ ಅದು ಕುಗ್ಗಿಸಿ ಒತ್ತಿನ ಅಂಚೆಲ್ಲಾ ಮಬ್ಬು ಮಾಡುತ್ತೆ, ಡಾಕ್ಯುಮೆಂಟ್ ಆಗಿ ಕಳ್ಸಿ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋದ್ರೆ ನಮ್ಮ ಕಡೆ ಯಾವಾಗ ಬರುತ್ತೋ ಹೇಳಕ್ಕಾಗಲ್ಲ, ಅದಕ್ಕೆ ಅಜ್ಜಿ ಟೀವಿ ಹಿಂದೆ ಪೆನ್‌ಡ್ರೈವ್ ಒಂದು ಚುಚ್ಚೇ ಇಟ್ಟಿದ್ದೀನಿ, ಅದರಲ್ಲಿ ಈ ಒಂದೇ ವಿಡಿಯೋ, ಬೇರೆ ಫೈಲ್ ಇಲ್ಲ, ರಿಮೋಟಲ್ಲಿ ಹುಡುಕೋ ಕಷ್ಟ ಇಲ್ಲ.