ಮೂರು ಕೊಯ್ಲಿನ ಮದುವೆ

ಸಂಬಳ ಬರುವವರಿಗೆ ತಿಂಗಳಿಗೆ ಇಷ್ಟು ಎತ್ತಿಡಿ ಎಂದು ಹೇಳಬಹುದು. ಶಿರಸಿ ಸೀಮೆಯ ನಮ್ಮಂಥ ಅಡಿಕೆ ಮನೆಗಳಿಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ. ಹಾಗಾಗಿ ಕಿರಿಯ ಮಗಳ ಮದುವೆಗೆ ನಾವು ಕೊಯ್ಲಿನ ಲೆಕ್ಕ ಹಿಡಿದೆವು. ಅವಳ ಓದು ಮುಗಿಯುವ ಹೊತ್ತಿಗೆ ಶುರು ಮಾಡಿ, ಮೂರು ಅಡಿಕೆ ಕೊಯ್ಲು ಮುಗಿದ ಮೇಲೆ ಮೇ ತಿಂಗಳಲ್ಲಿ ಮದುವೆ ಎಂದು ಮನಸ್ಸಿನಲ್ಲಿಟ್ಟುಕೊಂಡೆವು.

ನಮ್ಮದು ಒಂದೂವರೆ ಎಕರೆ ತೋಟ. ಒಳ್ಳೆಯ ವರ್ಷ ಹನ್ನೆರಡು ಕ್ವಿಂಟಲ್ ಚಾಲಿ, ಅಂದರೆ ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿ ಸುಲಿದದ್ದು, ಆಗುತ್ತದೆ. ಕ್ವಿಂಟಲಿಗೆ 35,000 ಹಿಡಿದರೆ 4,20,000 ರೂಪಾಯಿ. ಕೂಲಿ, ಗೊಬ್ಬರ, ಔಷಧಕ್ಕೆ ಒಂದೂವರೆ ಲಕ್ಷ, ಮನೆಖರ್ಚಿಗೆ 1,20,000 ಹೋದರೆ ಉಳಿಯುವುದು ಒಂದೂವರೆ ಲಕ್ಷ. ಹುಬ್ಬಳ್ಳಿಯಲ್ಲಿ ಕೆಲಸಕ್ಕಿರುವ ಮಗ ತಿಂಗಳಿಗೆ 3,000ದಂತೆ ಆರ್.ಡಿ. ಕಟ್ಟಿದ. ಮೂರು ವರ್ಷಕ್ಕೆ ಬಡ್ಡಿ ಸೇರಿ ಅದು 1,19,000 ಚಿಲ್ಲರೆ ಆಗುತ್ತದೆ. ಮೂರು ಕೊಯ್ಲಿನ ನಾಲ್ಕೂವರೆ ಲಕ್ಷಕ್ಕೆ ಇದನ್ನೂ ಠೇವಣಿಯ ಬಡ್ಡಿಯನ್ನೂ ಕೂಡಿಸಿದರೆ ಒಟ್ಟು ಆರು ಲಕ್ಷ. ಅದರಲ್ಲಿ ಬಂಗಾರಕ್ಕೆ ಎರಡು ಲಕ್ಷ, ಏಳುನೂರು ಜನರ ಊಟಕ್ಕೆ ಎಲೆಗೆ 220ರಂತೆ 1,54,000, ಸಭಾಭವನ ಮತ್ತು ಅಲಂಕಾರಕ್ಕೆ 1,30,000 ಎಂದು ಬರೆದಿಟ್ಟೆ. ಉಳಿದದ್ದು ಬಟ್ಟೆಬರೆಗೆ, ಪುರೋಹಿತರ ದಕ್ಷಿಣೆಗೆ, ಓಡಾಟಕ್ಕೆ.

ಮೊದಲ ವರ್ಷ ಒಂದು ಕೆಲಸವನ್ನು ಹಟ ಹಿಡಿದು ಮಾಡಿದೆ. ಅಡಿಕೆ ಮಾರಿದ ಪಟ್ಟಿ ಕೈಗೆ ಬಂದ ದಿನವೇ ಒಂದೂವರೆ ಲಕ್ಷವನ್ನು ಸಹಕಾರ ಸಂಘದಲ್ಲಿ ಮಗಳ ಹೆಸರಿಗೆ ಠೇವಣಿ ಇಡಿಸಿದೆ. ಉಳಿತಾಯ ಖಾತೆಯಲ್ಲಿ ಬಿಟ್ಟ ದುಡ್ಡು ಮಳೆಗಾಲದೊಳಗೆ ಕರಗುತ್ತದೆ. ಪಂಪ್‌ಸೆಟ್ ಸುಡುತ್ತದೆ, ಕೊಟ್ಟಿಗೆಯ ಹಂಚು ಹಾರುತ್ತದೆ, ಯಾರದೋ ಮನೆಯ ಉಪನಯನ ಬರುತ್ತದೆ.

ಎರಡನೆಯ ವರ್ಷ ಕೊಳೆರೋಗ ಬಂತು. ಮಳೆ ಬಿಡುವು ಕೊಡದೆ, ಕೊಳೆಗೆ ಹೊಡೆಯುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣವನ್ನು ಎರಡನೆಯ ಸಲ ಹೊಡೆಯಲು ಆಗಲಿಲ್ಲ. ಆಗಸ್ಟ್‌ನಲ್ಲಿ ಬೆಳಿಗ್ಗೆ ತೋಟಕ್ಕೆ ಹೋದರೆ ಮರದ ಬುಡದಲ್ಲೆಲ್ಲ ಹಸಿರು ಕಾಯಿ. ಎತ್ತಿ ನೋಡಿದರೆ ಬಿಳಿ ಬೂಸು ಕಟ್ಟಿ ಮೆತ್ತಗಾಗಿತ್ತು. ಹನ್ನೆರಡು ಕ್ವಿಂಟಲ್ ಆಗಬೇಕಾದದ್ದು ಏಳಕ್ಕೆ ನಿಂತಿತು. ಆ ವರ್ಷ ತೋಟ ಮತ್ತು ಮನೆ ನಡೆಯಿತು, ಮದುವೆಗೆ ಏನೂ ಉಳಿಯಲಿಲ್ಲ. ಕಳೆದುಕೊಂಡ ಬಡ್ಡಿ ಸೇರಿ ಕೊರತೆ 1,60,000.

ಸಾಲ ಮಾಡುವ ಮಾತು ಬಂದದ್ದು ಆಗಲೇ. ಬೆಳೆಸಾಲವನ್ನೇ ಮದುವೆಗೆ ಬಳಸಿ, ಮುಂದಿನ ಅಡಿಕೆಯಲ್ಲಿ ತೀರಿಸೋಣ ಎಂದರು ಯಜಮಾನರು. ಮುಂದಿನ ಅಡಿಕೆಗೂ ಕೊಳೆ ಬಂದರೆ ಗೊಬ್ಬರಕ್ಕೆ ದುಡ್ಡೆಲ್ಲಿ ಎಂದು ಕೇಳಿದೆ. ಇನ್ನೊಂದು ವರ್ಷ ಮುಂದಕ್ಕೆ ಹಾಕಲು ಗಂಡಿನ ಮನೆಯವರಿಗೆ ಒಪ್ಪಿಗೆ ಇರಲಿಲ್ಲ. ಕಡೆಗೆ ಖರ್ಚನ್ನೇ ಕಡಿದೆವು. ಸಭಾಭವನ ಬಿಟ್ಟು ಮನೆಯ ಅಂಗಳದಲ್ಲೇ ಚಪ್ಪರ ಹಾಕಿದ್ದರಿಂದ 80,000 ಉಳಿಯಿತು. ಜನ ಏಳುನೂರರಿಂದ 450ಕ್ಕೆ ಇಳಿದಾಗ 55,000. ಉಳಿದ 25,000ಕ್ಕೆ ಹೊಸ ಬಳೆ ಕೈಬಿಟ್ಟು, ನನ್ನ ಅತ್ತೆಯವರ ಬಳೆಯನ್ನೇ ತಿಕ್ಕಿಸಿ ಅವಳಿಗೆ ತೊಡಿಸಿದೆ. ಅದನ್ನು ಕರಗಿಸಿ ಹೊಸದು ಮಾಡಿಸಿದ್ದರೆ ಸವಕಳಿ, ಮಜೂರಿ ಎಂದು ಒಂದಿಷ್ಟು ಹೋಗುತ್ತಿತ್ತು.

ಮನೆಯಲ್ಲಿ ಮದುವೆ ಅಗ್ಗ ಎನ್ನುವವರು ಶ್ರಮವನ್ನು ಎಣಿಸಿರುವುದಿಲ್ಲ. ಎಂಟು ದಿನ ಮನೆಯವರೆಲ್ಲ ನಿದ್ದೆಗೆಟ್ಟೆವು. ಮೇ ತಿಂಗಳಲ್ಲಿ ಬಾವಿ ತಳ ಕಂಡಿತ್ತು, ನೀರಿನ ಟ್ಯಾಂಕರ್ ಎರಡು ಸಲ ತರಿಸಬೇಕಾಯಿತು. ಸಂಜೆಯ ಮಳೆಗೆ ಹೆದರಿ ಸೋಗೆಯ ಮೇಲೆ ತಗಡು ಹೊದಿಸಿದೆವು. ಚಪ್ಪರದ ಬಜೆಟ್ ಬರೆಯುವಾಗ ಈ ಎರಡನ್ನೂ ಸೇರಿಸಿಯೇ ಬರೆಯಿರಿ. ಆ 250 ಜನರನ್ನು ಬಿಟ್ಟದ್ದು ಮಾತ್ರ ದುಡ್ಡಿನ ಲೆಕ್ಕಕ್ಕೆ ಬಾರದ ನೋವು. ದೂರದ ಊರುಗಳಲ್ಲಿ ಮನೆಗೊಬ್ಬರು ಬನ್ನಿ ಎಂದು ನಾನೇ ಹೋಗಿ ಹೇಳಿದೆ. ಬೇರೆಯವರ ಬಾಯಲ್ಲಿ ಕೇಳಿದ್ದರೆ ಇನ್ನೂ ಹೆಚ್ಚು ಮಂದಿ ಮುನಿಸಿಕೊಳ್ಳುತ್ತಿದ್ದರು.

ನಾನು ಎಡವಿದ್ದು ಮೂರನೆಯ ಕೊಯ್ಲಿನ ವಿಷಯದಲ್ಲಿ. ಬೆಳೆ ಚೆನ್ನಾಗಿಯೇ ಬಂತು. ಆದರೆ ಚಾಲಿ ಒಣಗಲು ನಲವತ್ತು ದಿನಕ್ಕೂ ಮೇಲೆ ಬೇಕು, ಆಮೇಲೆ ಸುಲಿಯಬೇಕು. ದುಡ್ಡು ಕೈಗೆ ಬಂದದ್ದು ಏಪ್ರಿಲ್‌ನಲ್ಲಿ. ಬಂಗಾರಕ್ಕೆ, ಅಡಿಗೆಯವರಿಗೆ ಮುಂಗಡ ಕೊಡಬೇಕಾದದ್ದು ಜನವರಿಯಲ್ಲಿ! ಮೊದಲ ವರ್ಷದ ಠೇವಣಿಯನ್ನು ಎರಡು ವರ್ಷಕ್ಕೆ ಇಟ್ಟಿದ್ದರಿಂದ ಮಾರ್ಚ್‌ಗೆ ಮೊದಲು ಮುರಿದರೆ ಬಡ್ಡಿ ಕಡಿಮೆಯಾಗುತ್ತಿತ್ತು. ಮಗ ತನ್ನ ಸಂಬಳದಿಂದ ಮುಂಗಡ ಕೊಟ್ಟು ಕಾಪಾಡಿದ. ಕೊನೆಯ ಕೊಯ್ಲಿನ ದುಡ್ಡನ್ನು ಮದುವೆಯ ವಾರದ ಖರ್ಚಿಗೆ ಮಾತ್ರ ನೆಚ್ಚಿಕೊಳ್ಳಿ. ಮುಂಗಡಗಳಿಗೆ ಬೇಕಾದದ್ದು ಡಿಸೆಂಬರ್‌ಗೇ ಕೈಗೆ ಸಿಗುವಂತೆ ಠೇವಣಿಯ ಅವಧಿ ಹಾಕಿಸಿ.

ಏಪ್ರಿಲ್‌ನಲ್ಲಿ ಇದ್ದ ಬೆಲೆಗೇ ಮಾರಬೇಕಾಯಿತು. ಪಕ್ಕದ ಮನೆಯವರು ಅದೇ ಚಾಲಿಯನ್ನು ಅಟ್ಟದಲ್ಲಿಟ್ಟು ಆಗಸ್ಟ್‌ನಲ್ಲಿ ಮಾರಿದಾಗ ಕ್ವಿಂಟಲಿಗೆ ಎರಡು ಸಾವಿರ ಹೆಚ್ಚು ಸಿಕ್ಕಿತು. ನಮ್ಮ ಹನ್ನೆರಡು ಕ್ವಿಂಟಲಿಗೆ ಅದು 24,000. ಯಜಮಾನರು ಇವತ್ತಿಗೂ ಅದನ್ನು ನೆನೆಯುತ್ತಾರೆ. ಆದರೆ ಆ ಜೂನ್‌ನಲ್ಲಿ ಗೊಬ್ಬರ, ಮೈಲುತುತ್ತ, ಸುಣ್ಣ ಎಲ್ಲವನ್ನೂ ಕೈದುಡ್ಡಿನಲ್ಲೇ ತಂದೆವು; ಮೊದಲ ಔಷಧ ಮಳೆ ಹಿಡಿಯುವ ಮುಂಚೆಯೇ ಹೊಡೆದಾಯಿತು.