ಚಿತ್ರೀಕರಣ ಮುಂದಕ್ಕೆ ಹೋದ ರಾತ್ರಿ ನಾನು ಬರೆದ ಪತ್ರ

ಶುಕ್ರವಾರ ಸಂಜೆ ಏಳರ ಹೊತ್ತಿಗೆ ನಾಯಕಿಯ ಅಮ್ಮ ಫೋನ್ ಮಾಡಿದರು. ಮಗಳಿಗೆ ಡೆಂಗಿ, ಎರಡು ವಾರ ವಿಶ್ರಾಂತಿ ಬೇಕೆಂದು ವೈದ್ಯರು ಹೇಳಿದ್ದಾರೆ. ಮರುದಿನ ಬೆಳಿಗ್ಗೆ ಆರಕ್ಕೆ ಬಸವನಗುಡಿಯ ಹಳೆಯ ಮನೆಯಲ್ಲಿ ನಮ್ಮ ಡಿಪ್ಲೊಮಾ ಚಿತ್ರದ ಎರಡು ದಿನಗಳ ಚಿತ್ರೀಕರಣವಿತ್ತು. ತಂಡದಲ್ಲಿ ಹದಿನಾಲ್ಕು ಜನ. ನಿರ್ಮಾಪಕಿ ನಾನು.

ಪತ್ರಕ್ಕೂ ಮೊದಲು ಮೂವರಿಗೆ ಫೋನ್ ಮಾಡಿದೆ: ತುಮಕೂರಿನಿಂದ ಬೆಳಗಿನ ಬಸ್ಸು ಹಿಡಿಯಬೇಕಿದ್ದ ಹಿರಿಯ ನಟರಿಗೆ, ಕ್ಯಾಮೆರಾ ಬಾಡಿಗೆಯವರಿಗೆ, ಊಟದವರಿಗೆ. ಊಟದವರು ಇನ್ನೂ ತರಕಾರಿ ತಂದಿರಲಿಲ್ಲ. ಒಂದು ಗಂಟೆ ತಡವಾಗಿದ್ದರೆ ಆ ಖರ್ಚು ನಮ್ಮ ಮೇಲೆ ಬೀಳುತ್ತಿತ್ತು.

ಪತ್ರದ ಮೊದಲ ಕರಡು 'ಕೆಲವು ಅನಿವಾರ್ಯ ಕಾರಣಗಳಿಂದ' ಎಂದು ಶುರುವಾಗಿತ್ತು. ಮುಂದೂಡಿದ ವಿಷಯ ಬರುವುದು ಐದನೆಯ ಸಾಲಿನಲ್ಲಿ. ನಿದ್ದೆಗಣ್ಣಿನಲ್ಲಿ ಮೊಬೈಲ್ ನೋಡುವವರು ಅಲ್ಲಿಯವರೆಗೆ ಓದುವುದಿಲ್ಲ. ಅಳಿಸಿ ಹೀಗೆ ಬರೆದೆ:

'ನಾಳೆ ಶನಿವಾರ, ನಾಡಿದ್ದು ಭಾನುವಾರ ಚಿತ್ರೀಕರಣ ಇಲ್ಲ. ಬಸವನಗುಡಿಯ ಮನೆಗೆ ಯಾರೂ ಬರಬೇಡಿ. ಈ ಮೊದಲು ಕಳುಹಿಸಿದ ಕಾಲ್ ಶೀಟ್ ರದ್ದಾಗಿದೆ. ನಾಯಕಿಗೆ ಹುಷಾರಿಲ್ಲ. ಚಿತ್ರ ನಿಂತಿಲ್ಲ.'

ಕಾಯಿಲೆಯ ಹೆಸರು ಹಾಕಲಿಲ್ಲ. ಅದನ್ನು ಹೇಳುವುದು, ಬಿಡುವುದು ಆಕೆಗೆ ಸೇರಿದ್ದು. ಬರೆದಷ್ಟಕ್ಕೂ ಅವರ ಅಮ್ಮನ ಒಪ್ಪಿಗೆ ಪಡೆದಿದ್ದೆ.

ಹೆಚ್ಚು ಹೊತ್ತು ಹಿಡಿದದ್ದು ಮುಂದಿನ ದಿನಾಂಕದ ಮಾತು. 'ಶೀಘ್ರದಲ್ಲೇ ತಿಳಿಸುತ್ತೇವೆ' ಎಂದು ಬರೆಯಲು ಕೈ ಹೋಯಿತು. ಆದರೆ ನಮ್ಮ ಧ್ವನಿಗ್ರಾಹಕ ಈ ಎರಡು ದಿನಗಳಿಗಾಗಿ ಒಂದು ಮದುವೆಯ ಕೆಲಸವನ್ನೇ ಬಿಟ್ಟಿದ್ದ, ಅದೂ ನಮ್ಮಿಂದ ಒಂದು ರೂಪಾಯಿ ಪಡೆಯದೆ. ಅಂಥವನನ್ನು 'ಶೀಘ್ರದಲ್ಲೇ' ಎಂಬ ಪದಕ್ಕೆ ಕಟ್ಟಿಹಾಕುವುದು ಅನ್ಯಾಯ. ಇತ್ತ ಮನೆಯ ಮಾಲೀಕರು ಮೂರನೆಯ ಮತ್ತು ನಾಲ್ಕನೆಯ ವಾರಾಂತ್ಯಗಳಲ್ಲಿ ಮನೆ ಕೊಡಬಹುದೆಂದಿದ್ದರು, ನಾಯಕಿಯ ಆರೋಗ್ಯ ಮಾತ್ರ ಖಚಿತವಿರಲಿಲ್ಲ. ಇದ್ದದ್ದನ್ನು ಇದ್ದಂತೆ ಬರೆದೆ:

'ಈ ಎರಡು ವಾರಾಂತ್ಯಗಳಲ್ಲಿ ನಿಮಗೆ ಯಾವುದು ಸಾಧ್ಯ ಎಂದು ಭಾನುವಾರ ರಾತ್ರಿಯೊಳಗೆ ತಿಳಿಸಿ. ಬುಧವಾರ ಸಂಜೆ ಏಳರವರೆಗೆ ಆ ದಿನಗಳನ್ನು ನಮಗಾಗಿ ಇಟ್ಟುಕೊಳ್ಳಿ. ಅಷ್ಟರೊಳಗೆ ನನ್ನಿಂದ ದಿನಾಂಕ ಬಾರದಿದ್ದರೆ ಬೇರೆ ಕೆಲಸ ಒಪ್ಪಿಕೊಳ್ಳಿ, ನನ್ನನ್ನು ಕೇಳಬೇಕಾಗಿಲ್ಲ. ಈಗಾಗಲೇ ಪ್ರಯಾಣಕ್ಕೆ ಹಣ ಕೊಟ್ಟವರು ಟಿಕೆಟ್ಟಿನ ಚಿತ್ರ ಕಳುಹಿಸಿ, ಸೋಮವಾರ ಹಿಂತಿರುಗಿಸುತ್ತೇನೆ.'

ಹಿರಿಯ ನಟರಿಗೆ ಪ್ರತ್ಯೇಕವಾಗಿ ಒಂದು ಸಾಲು ಸೇರಿಸಿದೆ. ಅವರ ಒಂದು ದೃಶ್ಯವನ್ನು ಹಿಂದಿನ ವಾರವೇ ಐದು ದಿನಗಳ ಗಡ್ಡದಲ್ಲಿ ತೆಗೆದಿದ್ದೆವು. ಮೂರು ವಾರ ಗಡ್ಡ ಬಿಟ್ಟರೆ ಆ ದೃಶ್ಯಕ್ಕೆ ಹೊಂದುವುದಿಲ್ಲ. ಹಾಗಾಗಿ ಈಗ ಬೋಳಿಸಿಕೊಳ್ಳಿ, ಹೊಸ ದಿನಾಂಕಕ್ಕೆ ಐದು ದಿನ ಮೊದಲು ನಾನೇ ನೆನಪಿಸುತ್ತೇನೆ ಎಂದೆ.

ರಾತ್ರಿ ಹತ್ತಕ್ಕೆ ಹನ್ನೆರಡು ಜನ ಉತ್ತರಿಸಿದ್ದರು. ಉತ್ತರಿಸದ ಇಬ್ಬರಿಗೆ ಫೋನ್ ಮಾಡಿದೆ. ಮೇಕಪ್ಪಿನ ಹುಡುಗಿ ಪತ್ರ ನೋಡದೆ ಮಲಗಿದ್ದಳು, ಅಲಾರಂ ನಾಲ್ಕೂವರೆಗೆ ಇಟ್ಟಿದ್ದಳು.

ಬುಧವಾರ ಆರೂವರೆಗೆ ಎರಡನೆಯ ಪತ್ರ ಕಳುಹಿಸಿದೆ: ನಾಲ್ಕನೆಯ ವಾರಾಂತ್ಯ, ಅದೇ ಮನೆ, ಬೆಳಿಗ್ಗೆ ಆರಕ್ಕೆ. ಧ್ವನಿಗ್ರಾಹಕನಿಗೆ ಭಾನುವಾರ ಆಗುತ್ತಿರಲಿಲ್ಲ. ಮಾತಿರುವ ದೃಶ್ಯಗಳನ್ನೆಲ್ಲ ಶನಿವಾರಕ್ಕೆ ತಂದೆವು.