ಸ್ತನದ ಆಪರೇಷನ್ ಆಗಿ ಡ್ರೈನ್ ಸಮೇತ ಮನೆಗೆ ಹೋಗುವವರಿಗೆ

ಮನೆಯವರಿಗೆ ನಮಸ್ಕಾರ. ಅಮ್ಮನವರ ಕಂಕುಳ ಹತ್ತಿರದ ಕೊಳವೆ ಮತ್ತು ಅದರ ತುದಿಯ ಡಬ್ಬಿ ಗಾಯದೊಳಗೆ ಒಸರುವ ನೀರನ್ನು ಹೊರಗೆಳೆಯುತ್ತವೆ. ಡಬ್ಬಿಯನ್ನು ಬಟ್ಟೆಗೆ ಪಿನ್ ಮಾಡಿ, ಜೋತಾಡಲು ಬಿಡಬೇಡಿ.

ಬೆಳಿಗ್ಗೆ, ಸಂಜೆ ಒಂದೇ ಹೊತ್ತಿಗೆ ಖಾಲಿ ಮಾಡಿ. ಸೋಪಿನಿಂದ ಕೈ ತೊಳೆದು, ಕೊಳವೆಯ ಕ್ಲಿಪ್ ಹಾಕಿ, ನೀರನ್ನು ಅಳತೆ ಕಪ್‌ಗೆ ಸುರಿಯಿರಿ. ಡಬ್ಬಿಯ ಬಾಯಿ ಮುಟ್ಟಬೇಡಿ. ಆಮೇಲೆ ಡಬ್ಬಿಯನ್ನು ಪೂರ್ತಿ ಅದುಮಿ, ಅದುಮಿದ ಹಾಗೇ ಮುಚ್ಚಳ ಹಾಕಿ, ಕ್ಲಿಪ್ ತೆಗೆಯಿರಿ. ತಕ್ಷಣ ಉಬ್ಬಿಕೊಂಡರೆ ಎಲ್ಲೋ ಗಾಳಿ ಸೇರುತ್ತಿದೆ, ನೀರು ಎಳೆಯುತ್ತಿಲ್ಲ. ಮತ್ತೆ ಅದುಮಿ ನೋಡಿ. ಆಗಲೂ ನಿಲ್ಲದಿದ್ದರೆ ವಾರ್ಡ್‌ಗೆ ಫೋನ್ ಮಾಡಿ.

ಅಳತೆ ಬರೆದಿಡಿ. ಮೂರನೇ ದಿನ ಬೆಳಿಗ್ಗೆ 50, ಸಂಜೆ 40 ಎಂದರೆ ಒಟ್ಟು 90 ಎಂಎಲ್. ಕೆಂಪು ಬಣ್ಣ ದಿನೇದಿನೇ ತಿಳಿ ಹಳದಿಯಾಗಬೇಕು. ಎರಡು ದಿನ ಸತತ ದಿನದ ಒಟ್ಟು 30 ಎಂಎಲ್‌ಗಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಡ್ರೈನ್ ತೆಗೆಯುತ್ತೇವೆ. ನಿಮ್ಮ ಡಾಕ್ಟರ್ ಬೇರೆ ಲೆಕ್ಕ ಹೇಳಿದ್ದರೆ ಅದನ್ನೇ ಪಾಲಿಸಿ. ಆದರೆ 90 ಇದ್ದದ್ದು ಒಮ್ಮೆಗೇ 5ಕ್ಕೆ ಇಳಿದು, ಎದೆ ಅಥವಾ ಕಂಕುಳು ಉಬ್ಬಿದರೆ ಅದು ಗಾಯ ಮಾಯ್ದ ಲಕ್ಷಣವಲ್ಲ. ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ತೋರಿಸಿ.

ಡ್ರೆಸ್ಸಿಂಗ್ ಒಣಗಿರಲಿ. ಅರಿಶಿನ, ಎಣ್ಣೆ, ಪೌಡರ್ ಬೇಡವೇ ಬೇಡ.

100.4 ಡಿಗ್ರಿ ಜ್ವರ, ಕೀವು, ದುರ್ವಾಸನೆ, ಹರಡುವ ಕೆಂಪು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ಫೋನ್ ಮಾಡಿ. ಡಬ್ಬಿ ಕಡುಗೆಂಪು ರಕ್ತದಿಂದ ಬೇಗಬೇಗ ತುಂಬಿದರೆ ನೇರ ಎಮರ್ಜೆನ್ಸಿಗೆ ಬನ್ನಿ, ಅಳತೆ ಬರೆದ ಚೀಟಿಯೂ ಜೊತೆಗಿರಲಿ.